ಕೊನೆಯ ಕಂತು ಕಟ್ಟಿದ ಮೇಲೆ ಆರ್‌ಸಿಯಿಂದ ಫೈನಾನ್ಸ್ ಹೆಸರು ತೆಗೆಸುವುದು ಹೇಗೆ

ನನ್ನ ತಮ್ಮ ತುಮಕೂರಿನಲ್ಲಿದ್ದಾನೆ. ಎರಡು ವರ್ಷದ ಸಾಲದ ಮೇಲೆ ಸ್ಕೂಟರ್ ತಗೊಂಡಿದ್ದ. ತಿಂಗಳಿಗೆ 3,500 ರೂಪಾಯಿಯಂತೆ 24 ಕಂತು. ಮಾರ್ಚ್ 5ಕ್ಕೆ ಕೊನೆಯ ಕಂತು ಅವನ ಖಾತೆಯಿಂದ ಕಟ್ ಆಯಿತು. ಅಲ್ಲಿಗೆ ಸಾಲ ಮುಗಿಯಿತು ಅಂದುಕೊಂಡ. ಹೆಸರು ತೆಗೆಯಲು ತಕರಾರಿಲ್ಲ ಎಂದು ಫೈನಾನ್ಸ್‌ನವರು ಕೊಡುವ ಎನ್‌ಒಸಿ ಪತ್ರ ಮನೆಗೆ ಬರುತ್ತದೆ ಎಂದು ಒಂದೂವರೆ ತಿಂಗಳು ಕಾದ. ಬರಲಿಲ್ಲ. ಕೊನೆಗೆ ಫೋನ್ ಮಾಡಿದಾಗ, ‘ನಿಮ್ಮ ಲೋನ್ ಇನ್ನೂ ಕ್ಲೋಸ್ ಆಗಿಲ್ಲ ಸರ್’ ಎಂದರು.

ಅವನ ಕೆಲಸ ಮುಗಿಯುವವರೆಗೂ ನಾನು ಜೊತೆಗಿದ್ದೆ. ಆಗ ಎರಡು ವಿಷಯ ಚೆನ್ನಾಗಿ ಅರ್ಥವಾದವು. ಕೊನೆಯ ಕಂತು ಕಟ್ಟಿದ ಮಾತ್ರಕ್ಕೆ ಸಾಲ ಮುಗಿದಿರುತ್ತದೆ ಎನ್ನುವ ಹಾಗಿಲ್ಲ. ಸಾಲ ಮುಗಿದ ಮೇಲೂ ಆರ್‌ಸಿಯಲ್ಲಿರುವ ಫೈನಾನ್ಸ್ ಹೆಸರು ತಾನಾಗಿ ಹೋಗುತ್ತದೆ ಎಂದು ನಂಬಿ ಕೂರುವಂತಿಲ್ಲ. ಇವೆರಡೂ ಬೇರೆ ಬೇರೆ ಕೆಲಸಗಳು. ಹಾಗಾಗಿ ಅವನ ಸ್ಕೂಟರ್‌ನ ಕತೆ ಹಿಡಿದುಕೊಂಡೇ ಒಂದೊಂದು ಹಂತವನ್ನೂ ಹೇಳುತ್ತೇನೆ.

ಆ ಹೆಸರು ಅಲ್ಲಿ ಯಾಕಿದೆ

ಸಾಲದ ಮೇಲೆ ಗಾಡಿ ತಗೊಂಡಾಗ ಶೋರೂಮ್‌ನಲ್ಲಿ ಹತ್ತಾರು ಸಹಿ ಹಾಕಿಸಿಕೊಳ್ಳುತ್ತಾರೆ. ಗಾಡಿ ನೋಂದಣಿಯಾಗುವಾಗಲೇ ಸಾಲ ಕೊಟ್ಟವರ ಹೆಸರೂ ಆರ್‌ಟಿಒ ದಾಖಲೆಗೆ ಸೇರುತ್ತದೆ. ಇದೇ ಹೈಪಾಥಿಕೇಶನ್. ಏಜೆಂಟರು, ಶೋರೂಮ್‌ನವರು ಇದನ್ನು ಎಚ್‌ಪಿ ಎನ್ನುತ್ತಾರೆ. ತೆಗೆಸುವುದಕ್ಕೆ ಎಚ್‌ಪಿ ಕ್ಯಾನ್ಸಲ್ ಎನ್ನುತ್ತಾರೆ.

ಮೋಟಾರು ವಾಹನ ಕಾಯ್ದೆ 1988ರ 51ನೇ ಸೆಕ್ಷನ್‌ನಲ್ಲಿ ಇದರ ನಿಯಮವಿದೆ. ಈ ಹೆಸರು ಇರುವವರೆಗೆ ಸಾಲ ಕೊಟ್ಟವರ ಲಿಖಿತ ಒಪ್ಪಿಗೆ ಇಲ್ಲದೆ ಗಾಡಿಯನ್ನು ಬೇರೆಯವರ ಹೆಸರಿಗೆ ಮಾಡುವಂತಿಲ್ಲ. ಒಪ್ಪಂದ ಮುಗಿದಿದೆ ಎಂಬುದಕ್ಕೆ ಪುರಾವೆ ಕೊಟ್ಟು ಅರ್ಜಿ ಹಾಕಿದರೆ ಮಾತ್ರ ಹೆಸರು ತೆಗೆಯುತ್ತಾರೆ. ಅಂದರೆ ಆ ಅರ್ಜಿ ಹಾಕಬೇಕಾದವರು ನಾವೇ.

ಎಷ್ಟೋ ಜನ ಇದನ್ನು ಹಾಗೇ ಬಿಟ್ಟುಬಿಡುತ್ತಾರೆ. ಗಾಡಿ ಓಡಿಸೋಕೆ ತೊಂದರೆ ಇಲ್ಲ, ಪೊಲೀಸರೂ ಕೇಳಲ್ಲ. ಆರೇಳು ವರ್ಷ ಬಿಟ್ಟು ಗಾಡಿ ಮಾರಲು ಹೋದಾಗ ಗೊತ್ತಾಗುತ್ತದೆ. ಅಷ್ಟರಲ್ಲಿ ಸಾಲ ಕೊಟ್ಟ ಬ್ರಾಂಚ್ ಮುಚ್ಚಿರುತ್ತದೆ. ಲೋನ್ ನಂಬರ್ ಬರೆದಿಟ್ಟ ಕಾಗದ ಸಿಗಲ್ಲ. ಸಾಲ ಮುಗಿದ ಎರಡು ಮೂರು ತಿಂಗಳಲ್ಲೇ ಮಾಡಿಸಿದರೆ ಇದು ಸುಲಭದ ಕೆಲಸ.

ಮೊದಲ ಹಂತ: ಸಾಲ ನಿಜವಾಗಿ ಮುಗಿದಿದೆಯಾ ನೋಡಿ

ತಮ್ಮನ ಸಾಲ ಯಾಕೆ ಕ್ಲೋಸ್ ಆಗಿರಲಿಲ್ಲ? ಏಳನೇ ಕಂತಿನ ದಿನ ಅವನ ಖಾತೆಯಲ್ಲಿ ದುಡ್ಡು ಕಡಿಮೆ ಇತ್ತು. ಕಂತು ಬೌನ್ಸ್ ಆಯಿತು. ಐದು ದಿನ ಬಿಟ್ಟು ವಸೂಲಿಗೆ ಬಂದ ಹುಡುಗನ ಕೈಗೆ 3,500 ಕೊಟ್ಟು ರಸೀದಿ ಇಸ್ಕೊಂಡಿದ್ದ. ಕಂತು ಸರಿಹೋಯಿತು. ಆದರೆ ಬೌನ್ಸ್ ಚಾರ್ಜ್ 500 ಮತ್ತು ತಡವಾದದ್ದಕ್ಕೆ ದಂಡ 60, ಒಟ್ಟು 560 ರೂಪಾಯಿ ಸಾಲದ ಖಾತೆಯಲ್ಲಿ ಹಾಗೇ ಕೂತಿತ್ತು. ಮುಂದಿನ ಹದಿನೇಳು ಕಂತುಗಳೂ ಸರಿಯಾಗಿ ಹೋದವು. ಅವನ ಕೇಸಲ್ಲಿ ಪ್ರತಿ ತಿಂಗಳೂ ಕಂತಿನ ಮೊತ್ತ ಮಾತ್ರ ಕಟ್ ಆಗುತ್ತಿತ್ತು, ಈ 560ನ್ನು ಯಾರೂ ಮುಟ್ಟಲಿಲ್ಲ. ಅಷ್ಟಕ್ಕೇ ಖಾತೆ ತೆರೆದೇ ಇತ್ತು.

ಕಂತಿನ ಪಟ್ಟಿ ನೋಡಿದರೆ ಇದು ಗೊತ್ತಾಗಲ್ಲ. ಅದು ಸಾಲ ಕೊಟ್ಟ ದಿನವೇ ಮಾಡಿದ ಪಟ್ಟಿ. ನೀವು ಕೇಳಬೇಕಾದದ್ದು ಸ್ಟೇಟ್‌ಮೆಂಟ್ ಆಫ್ ಅಕೌಂಟ್. ಆಪ್‌ನಲ್ಲಿ ಸಿಗುತ್ತದೆ, ಇಲ್ಲದಿದ್ದರೆ ಕಸ್ಟಮರ್ ಕೇರ್‌ಗೆ ಇಮೇಲ್ ಮಾಡಿದರೆ ಕಳಿಸುತ್ತಾರೆ. ಸಾಲ ಕೊಟ್ಟ ದಿನದಿಂದ ಇವತ್ತಿನವರೆಗಿನದ್ದು ಬೇಕು ಎಂದು ಬರೆಯಿರಿ. ಅದರಲ್ಲಿ ಕಂತಿನ ಸಾಲುಗಳನ್ನು ಬಿಟ್ಟು ಶುಲ್ಕದ ಸಾಲುಗಳನ್ನು ಒಂದೊಂದಾಗಿ ಓದಿ. ಬೌನ್ಸ್ ಚಾರ್ಜ್, ದಂಡ, ಮನೆಗೆ ಬಂದು ವಸೂಲಿ ಮಾಡಿದ್ದಕ್ಕೆ ಹಾಕಿದ ಚಾರ್ಜ್, ಎಲ್ಲ ಅಲ್ಲೇ ಇರುತ್ತವೆ. ಕೊನೆಯ ಸಾಲಿನಲ್ಲಿ ಬಾಕಿ ಸೊನ್ನೆ ಇರಬೇಕು.

ನ್ಯಾಯವಲ್ಲ ಅನ್ನಿಸಿದ ಶುಲ್ಕ ಇದ್ದರೆ ಕಟ್ಟುವ ಮೊದಲೇ ಲಿಖಿತವಾಗಿ ಕೇಳಿ. ರಿಸರ್ವ್ ಬ್ಯಾಂಕಿನ 2023ರ ನಿಯಮದ ಪ್ರಕಾರ ತಡವಾದದ್ದಕ್ಕೆ ಹಾಕುವ ದಂಡವನ್ನು ಅಸಲಿಗೆ ಸೇರಿಸಿ, ಅದರ ಮೇಲೆ ಮತ್ತೆ ಬಡ್ಡಿ ಹಾಕುವಂತಿಲ್ಲ. 60 ರೂಪಾಯಿಯ ದಂಡ ಎರಡು ವರ್ಷದಲ್ಲಿ ಬೆಳೆದು ನಿಂತಿದ್ದರೆ ಲೆಕ್ಕ ಕೇಳುವ ಹಕ್ಕು ನಿಮಗಿದೆ.

ತಮ್ಮ ಏಪ್ರಿಲ್ 21ರಂದು 560 ಕಟ್ಟಿದ. ಕಂಪನಿಯ ಆಪ್‌ನಲ್ಲೇ, ಲೋನ್ ನಂಬರ್ ಹಾಕಿ ಕಟ್ಟಿದ. ಬಾಕಿ ಇಷ್ಟೇ ಸರ್, ನನಗೆ ಹಾಕಿಬಿಡಿ ಎಂದು ಯಾರಾದರೂ ಸ್ವಂತ ನಂಬರ್ ಕೊಟ್ಟರೆ ದಯವಿಟ್ಟು ಹಾಕಬೇಡಿ. ಸ್ಟೇಟ್‌ಮೆಂಟ್‌ಗೆ ಸೇರದ ದುಡ್ಡು ಕಟ್ಟಿದ ಹಾಗಲ್ಲ. ಮೂರು ದಿನ ಬಿಟ್ಟು ಹೊಸ ಸ್ಟೇಟ್‌ಮೆಂಟ್ ತೆಗೆಸಿದೆವು. ಬಾಕಿ ಸೊನ್ನೆ, ಖಾತೆ ಕ್ಲೋಸ್ಡ್ ಎಂದು ಬಂದಿತ್ತು.

ಬಾಕಿ ಏನೂ ಇಲ್ಲದೆಯೂ ಎನ್‌ಒಸಿ ನಿಲ್ಲುವುದುಂಟು. ಅದೇ ಕಂಪನಿಯಲ್ಲಿ ನಿಮ್ಮ ಹೆಸರಲ್ಲಿ ಇನ್ನೊಂದು ಸಾಲ ಬಾಕಿ ಇರಬಹುದು. ಅಥವಾ ಸ್ನೇಹಿತನ ಸಾಲಕ್ಕೆ ನೀವು ಜಾಮೀನು ನಿಂತಿರಬಹುದು. ಹಾಗಿದ್ದರೆ ಯಾವ ಷರತ್ತಿನ ಮೇಲೆ ತಡೆದಿದ್ದೀರಿ ಎಂದು ಬರಹದಲ್ಲೇ ಉತ್ತರ ಕೇಳಿ. ನಿಮ್ಮ ಸಾಲದ ಒಪ್ಪಂದದಲ್ಲಿ ಆ ಷರತ್ತು ಇದೆಯಾ ಎಂದು ನೋಡಲು ಆಗ ದಾರಿಯಾಗುತ್ತದೆ.

ಎರಡನೇ ಹಂತ: ಸಾಲ ಕೊಟ್ಟವರಿಂದ ಮೂರು ಕಾಗದ

ಇಲ್ಲಿ ಹೆಸರುಗಳ ಗೊಂದಲ ಜಾಸ್ತಿ. ನೋ ಡ್ಯೂಸ್ ಕೊಟ್ಟಿದ್ದೀವಲ್ಲ, ಸಾಕು ಎಂದು ಕೌಂಟರ್‌ನಲ್ಲಿ ಹೇಳಿ ಕಳಿಸುತ್ತಾರೆ. ಅದನ್ನು ಹಿಡಿದುಕೊಂಡು ಆರ್‌ಟಿಒಗೆ ಹೋದರೆ ವಾಪಸ್ ಬರಬೇಕಾಗುತ್ತದೆ.

ನೋ ಡ್ಯೂಸ್ ಅಥವಾ ಲೋನ್ ಕ್ಲೋಷರ್ ಪತ್ರ ನಿಮಗೆ ಬರೆದದ್ದು. ನೀವು ನಮಗೆ ಏನೂ ಕೊಡಬೇಕಾಗಿಲ್ಲ ಎಂದು ಅದು ಹೇಳುತ್ತದೆ. ಇದನ್ನು ಮನೆಯಲ್ಲಿ ಜೋಪಾನವಾಗಿ ಇಟ್ಟುಕೊಳ್ಳಿ. ಎನ್‌ಒಸಿ ಆರ್‌ಟಿಒಗೆ ಬರೆದದ್ದು. ಈ ಗಾಡಿಯ ಮೇಲಿನ ನಮ್ಮ ಹೆಸರು ತೆಗೆಯಲು ತಕರಾರಿಲ್ಲ ಎಂದು ಅದರಲ್ಲಿರುತ್ತದೆ. ಮೂರನೆಯದು ಫಾರಂ 35. ಇದು ನೀವು ಮತ್ತು ಸಾಲ ಕೊಟ್ಟವರು ಇಬ್ಬರೂ ಸೇರಿ ನಮ್ಮ ನಡುವಿನ ಒಪ್ಪಂದ ಮುಗಿದಿದೆ ಎಂದು ಹೇಳುವ ಅರ್ಜಿ. ಹಾಗಾಗಿ ಇದರಲ್ಲಿ ಇಬ್ಬರ ಸಹಿಯೂ ಬೇಕು, ಅವರ ಸೀಲೂ ಬೇಕು. ಎರಡು ಪ್ರತಿ ಕೇಳಿ ತಗೊಳ್ಳಿ.

ಇನ್ನೊಂದು ಎನ್‌ಒಸಿ ಇದೆ, ಅದು ಬೇರೆಯದು. ಗಾಡಿಯನ್ನು ಬೇರೆ ರಾಜ್ಯಕ್ಕೆ ಒಯ್ಯುವಾಗ ಆರ್‌ಟಿಒ ಕೊಡುವ ಎನ್‌ಒಸಿಗೆ ಫಾರಂ 28 ಹಾಕಬೇಕು. ಸೈಬರ್ ಸೆಂಟರ್‌ನಲ್ಲಿ ಎನ್‌ಒಸಿ ಎಂದಷ್ಟೇ ಹೇಳಿದರೆ ತಪ್ಪಾಗಿ ಅದನ್ನೇ ಹಾಕಿಬಿಡುವ ಸಾಧ್ಯತೆ ಇದೆ. ಎಚ್‌ಪಿ ಕ್ಯಾನ್ಸಲ್ ಎಂದೇ ಹೇಳಿ.

ಕಾಗದ ಕೈಗೆ ಬಂದ ಕೂಡಲೇ ಆರ್‌ಸಿ ಪಕ್ಕದಲ್ಲಿಟ್ಟು ಹೋಲಿಸಿ. ಗಾಡಿ ನಂಬರ್, ಚಾಸಿ ನಂಬರ್, ಎಂಜಿನ್ ನಂಬರ್, ನಿಮ್ಮ ಹೆಸರು. ಚಾಸಿ ನಂಬರ್‌ನಲ್ಲಿ 17 ಅಕ್ಷರ-ಅಂಕಿಗಳಿರುತ್ತವೆ. ಬೆರಳಿಟ್ಟು ಒಂದೊಂದೇ ಓದಿ. 8 ಇದ್ದಲ್ಲಿ B, 5 ಇದ್ದಲ್ಲಿ S ಟೈಪ್ ಆಗಿದ್ದರೆ ಕಣ್ಣಿಗೆ ಸುಲಭವಾಗಿ ಬೀಳಲ್ಲ. ತಪ್ಪಿದ್ದರೆ ಪೆನ್ನಲ್ಲಿ ತಿದ್ದಬೇಡಿ. ಹೊಸ ಪತ್ರವೇ ಕೇಳಿ.

ಸಾಲ ಕೊಟ್ಟವರ ಹೆಸರನ್ನೂ ನೋಡಿ. ನಮ್ಮ ಕರ್ನಾಟಕದಲ್ಲಿ ಇದು ಮುಖ್ಯ. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರಲ್ಲಿ ಎಸ್‌ಬಿಐಗೆ ಸೇರಿತು. ವಿಜಯಾ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಾಗೆ, 2020ರಲ್ಲಿ ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿಗೆ, ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿಗೆ ಸೇರಿದವು. ನಿಮ್ಮ ಹಳೆಯ ಆರ್‌ಸಿಯಲ್ಲಿ ಸಿಂಡಿಕೇಟ್ ಎಂದಿದ್ದರೆ ಈಗ ಎನ್‌ಒಸಿ ಕೊಡಬೇಕಾದದ್ದು ಕೆನರಾ. ಪತ್ರದಲ್ಲಿ ‘ಹಿಂದಿನ ಸಿಂಡಿಕೇಟ್ ಬ್ಯಾಂಕ್’ ಎಂದು ಸೇರಿಸಿಕೊಡಿ ಎಂದು ಕೇಳಿ. ಇಲ್ಲದಿದ್ದರೆ ದಾಖಲೆಯಲ್ಲಿ ಒಂದು ಹೆಸರು, ಪತ್ರದಲ್ಲಿ ಇನ್ನೊಂದು ಹೆಸರು ಎಂದು ಆರ್‌ಟಿಒದಲ್ಲಿ ನಿಲ್ಲಿಸುತ್ತಾರೆ.

ಎನ್‌ಒಸಿಯ ತಾರೀಖನ್ನೂ ಗಮನಿಸಿ. ಸಾಮಾನ್ಯವಾಗಿ ಅದನ್ನು ಮೂರು ತಿಂಗಳವರೆಗೆ ಮಾತ್ರ ಒಪ್ಪುತ್ತಾರೆ. ಬೀರುವಿನಲ್ಲಿಟ್ಟು ಮರೆತರೆ ಮತ್ತೆ ಹೊಸದು ತರಬೇಕು. ಅದಕ್ಕೆ ಹಲವು ಕಡೆ ಶುಲ್ಕವೂ ಕೇಳುತ್ತಾರೆ.

ಕೊಡದೇ ಸತಾಯಿಸಿದರೆ

ಈ ನಿಯಮ ಎಲ್ಲರಿಗೂ ಗೊತ್ತಿರಬೇಕು. ರಿಸರ್ವ್ ಬ್ಯಾಂಕ್ 2023ರ ಸೆಪ್ಟೆಂಬರ್ 13ರಂದು ಒಂದು ಸುತ್ತೋಲೆ ಹೊರಡಿಸಿತು. ಸಾಲ ಪೂರ್ತಿ ತೀರಿದ 30 ದಿನದೊಳಗೆ ಸಾಲ ಕೊಟ್ಟವರು ಮೂಲ ದಾಖಲೆಗಳನ್ನು ವಾಪಸ್ ಕೊಡಬೇಕು, ನೋಂದಾಯಿಸಿದ ತಮ್ಮ ಹಕ್ಕನ್ನು ಬಿಟ್ಟುಕೊಡುವ ಕೆಲಸ ಮಾಡಬೇಕು. ಅವರ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕು. 2023ರ ಡಿಸೆಂಬರ್ 1ರಿಂದ ಇದು ಜಾರಿಯಲ್ಲಿದೆ. ಬ್ಯಾಂಕ್‌ಗೂ ಅನ್ವಯಿಸುತ್ತದೆ, ಫೈನಾನ್ಸ್ ಕಂಪನಿಗೂ ಅನ್ವಯಿಸುತ್ತದೆ. ಸ್ವಂತ ಬಳಕೆಗೆ ತಗೊಂಡ ಗಾಡಿಯ ಸಾಲ ಇದರೊಳಗೆ ಬರುತ್ತದೆ.

ಆ 30 ದಿನ ಯಾವಾಗ ಶುರುವಾಗುತ್ತದೆ ಎಂಬುದನ್ನು ಸರಿಯಾಗಿ ತಿಳಿದುಕೊಳ್ಳಿ. ಪೂರ್ತಿ ತೀರಿದ ದಿನದಿಂದ. ತಮ್ಮನ ಕೇಸಲ್ಲಿ ಅದು ಕೊನೆಯ ಕಂತಿನ ಮಾರ್ಚ್ 5 ಅಲ್ಲ, 560 ಕಟ್ಟಿದ ಏಪ್ರಿಲ್ 21. ಮೊದಲ ಹಂತವನ್ನು ನಾನು ಅಷ್ಟು ಉದ್ದ ಹೇಳಿದ್ದಕ್ಕೆ ಇದೂ ಒಂದು ಕಾರಣ. ಬಾಕಿ ಇಟ್ಟುಕೊಂಡು ದೂರು ಕೊಟ್ಟರೆ ಅದು ನಿಲ್ಲಲ್ಲ.

30 ದಿನ ಕಳೆದರೆ ಮೊದಲು ಕಂಪನಿಯ ದೂರು ವಿಭಾಗಕ್ಕೆ ಇಮೇಲ್ ಬರೆಯಿರಿ. ಸಾಲ ತೀರಿದ ತಾರೀಖು, ಲೋನ್ ನಂಬರ್, ಸೊನ್ನೆ ಬಾಕಿಯ ಸ್ಟೇಟ್‌ಮೆಂಟ್, ಸುತ್ತೋಲೆಯ ತಾರೀಖು, ಇಷ್ಟು ಸಾಕು. ಫೋನಲ್ಲಿ ಹೇಳಿದ್ದಕ್ಕೆ ಪುರಾವೆ ಇರಲ್ಲ, ಅದಕ್ಕೇ ಇಮೇಲ್. ಇನ್ನು 30 ದಿನದಲ್ಲಿ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಸರಿಯಿಲ್ಲದಿದ್ದರೆ, ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ cms.rbi.org.in ನಲ್ಲಿ ದೂರು ಹಾಕಬಹುದು. ಅದಕ್ಕೆ ಶುಲ್ಕ ಇಲ್ಲ, ವಕೀಲರೂ ಬೇಡ. ಏನಾದರೂ ಕೇಳಬೇಕಿದ್ದರೆ 14448 ನಂಬರ್ ಇದೆ.

ನಮಗೆ ಅಲ್ಲಿವರೆಗೆ ಹೋಗುವ ಪ್ರಮೇಯ ಬರಲಿಲ್ಲ. ಸುತ್ತೋಲೆಯ ತಾರೀಖು ಹಾಕಿ ಒಂದು ಇಮೇಲ್ ಬರೆದಿದ್ದೆವು. ಮೇ 9ಕ್ಕೆ ಕಾಗದಗಳು ಅಂಚೆಯಲ್ಲಿ ಬಂದವು.

ಮೂರನೇ ಹಂತ: ಪರಿವಾಹನ್‌ನಲ್ಲಿ ಅರ್ಜಿ

ಅರ್ಜಿ ಹಾಕುವುದು parivahan.gov.in ನಲ್ಲಿ. ಅಲ್ಲಿ Online Services ಒಳಗೆ Vehicle Related Services ಇದೆ. ರಾಜ್ಯ ಕರ್ನಾಟಕ ಆರಿಸಿ ಗಾಡಿ ನಂಬರ್ ಹಾಕಿ. ಸೇವೆಗಳ ಪಟ್ಟಿಯಲ್ಲಿ Hypothecation Termination ಆರಿಸಿ. ಚಾಸಿ ನಂಬರ್‌ನ ಕೊನೆಯ ಐದು ಅಕ್ಷರ ಕೇಳುತ್ತದೆ. ಆಮೇಲೆ ಮೊಬೈಲ್‌ಗೆ ಒಟಿಪಿ ಬರುತ್ತದೆ.

ನಮ್ಮ ಗಾಡಿ ನಿಂತದ್ದು ಇಲ್ಲೇ. ಒಟಿಪಿ ಬರಲೇ ಇಲ್ಲ. ಅದು ಹೋಗುವುದು ಆರ್‌ಟಿಒ ದಾಖಲೆಯಲ್ಲಿರುವ ನಂಬರ್‌ಗೆ. ಪರದೆಯಲ್ಲಿ ಕಂಡ ಕೊನೆಯ ಅಂಕಿಗಳು ತಮ್ಮನ ನಂಬರ್‌ನದ್ದಲ್ಲ. ಗಾಡಿ ತಗೊಂಡಾಗ ಶೋರೂಮ್‌ನವರು ಬೇರೆ ಯಾವುದೋ ನಂಬರ್ ಹಾಕಿಬಿಟ್ಟಿದ್ದರು. ಇದು ಬಹಳ ಜನರಿಗೆ ಆಗುತ್ತದೆ. ಅದೇ ಪೋರ್ಟಲ್‌ನಲ್ಲಿ ಮೊಬೈಲ್ ನಂಬರ್ ಬದಲಿಸುವ ಸೇವೆಯೂ ಇದೆ. ಪೂರ್ತಿ ಚಾಸಿ ನಂಬರ್, ಎಂಜಿನ್ ನಂಬರ್, ನೋಂದಣಿಯಾದ ತಾರೀಖು, ನೋಂದಣಿ ಯಾವತ್ತಿನವರೆಗೆ ಇದೆ ಎಂಬುದು ಕೇಳುತ್ತದೆ. ಎಲ್ಲ ಆರ್‌ಸಿಯಲ್ಲೇ ಇರುತ್ತವೆ. ಎನ್‌ಒಸಿಗೆ ಕಾಯುವ ದಿನಗಳಲ್ಲೇ ಈ ಕೆಲಸ ಮುಗಿಸಿಕೊಂಡರೆ ಒಳ್ಳೆಯದು. ನಾವು ಆಮೇಲೆ ಮಾಡಿದ್ದಕ್ಕೆ ಸುಮ್ನೆ ಒಂದು ವಾರ ಹೋಯಿತು.

ಒಟಿಪಿ ದಾಟಿದ ಮೇಲೆ ಗಾಡಿಯ ವಿವರ, ಫೈನಾನ್ಸ್ ಹೆಸರು ತೆರೆಯುತ್ತವೆ. ಇನ್ಶೂರೆನ್ಸ್ ಮತ್ತು ಎಮಿಷನ್ ಟೆಸ್ಟ್ ಚಾಲ್ತಿಯಲ್ಲಿರಬೇಕು. ಎಮಿಷನ್ ಮುಗಿದಿದ್ದರೆ ಬಂಕ್ ಹತ್ತಿರ ಹೋಗಿ ಮಾಡಿಸಿಕೊಂಡೇ ಕೂತುಕೊಳ್ಳಿ. ಆರ್‌ಸಿ, ಎನ್‌ಒಸಿ, ಫಾರಂ 35, ಇನ್ಶೂರೆನ್ಸ್, ವಿಳಾಸದ ದಾಖಲೆ ಇವನ್ನು ಸ್ಕ್ಯಾನ್ ಮಾಡಿ ಹಾಕಬೇಕು. ಶುಲ್ಕ ಎಷ್ಟು ಎಂದು ಅಲ್ಲೇ ತೋರಿಸುತ್ತದೆ. ಅದರಲ್ಲಿ ಹೊಸ ಸ್ಮಾರ್ಟ್ ಕಾರ್ಡ್‌ನ 200 ರೂಪಾಯಿಯೂ ಸೇರಿರುತ್ತದೆ. ಏಜೆಂಟರ ಮೂಲಕ ಮಾಡಿಸುವವರು ಮೊದಲು ಈ ಮೊತ್ತ ನೋಡಿಕೊಳ್ಳಿ. ಸರ್ಕಾರಕ್ಕೆ ಹೋಗುವುದು ಎಷ್ಟು, ಅವರ ಕೂಲಿ ಎಷ್ಟು ಎಂಬುದು ಆಗ ತಿಳಿಯುತ್ತದೆ.

ಕೆಲವು ಬ್ಯಾಂಕುಗಳು ಎನ್‌ಒಸಿಯನ್ನು ಆನ್‌ಲೈನ್‌ನಲ್ಲೇ ವಾಹನ್ ದಾಖಲೆಗೆ ಕಳಿಸುತ್ತವೆ. ನಿಮ್ಮವರು ಕಳಿಸಿದ್ದಾರಾ ಎಂದು ಕಾಗದ ಕೇಳುವಾಗಲೇ ವಿಚಾರಿಸಿ. ಕಳಿಸಿದ್ದರೆ ಕೆಲಸ ಬಹಳ ಹಗುರ.

ದುಡ್ಡು ಕಟ್ಟಿದ ಮೇಲೆ ಅರ್ಜಿ ನಂಬರ್ ಮತ್ತು ರಸೀದಿ ಬರುತ್ತವೆ. ಎರಡನ್ನೂ ಇಟ್ಟುಕೊಳ್ಳಿ. ಮೂಲ ಕಾಗದ ತಂದು ತೋರಿಸಿ ಎಂದು ಬಂದರೆ ಆರ್‌ಟಿಒಗೆ ಹೋಗಬೇಕು. ನಿಮ್ಮ ಗಾಡಿಯ ದಾಖಲೆ ಈಗ ಯಾವ ಕಚೇರಿಯಲ್ಲಿದೆಯೋ ಅಲ್ಲಿಗೇ. ತಮ್ಮನದು KA-06, ಹಾಗಾಗಿ ತುಮಕೂರು. ಒಂದು ವೇಳೆ ಅವನು ಬೆಂಗಳೂರಿನಲ್ಲಿ ಕೆಲಸ ಮಾಡುತ್ತಿದ್ದರೂ ತುಮಕೂರಿಗೇ ಹೋಗಬೇಕಿತ್ತು. ಅವನ ಕಾಗದಗಳನ್ನು ನೋಡಿ ಹಳೆಯ ಸ್ಮಾರ್ಟ್ ಕಾರ್ಡ್, ಎನ್‌ಒಸಿ ಮತ್ತು ಫಾರಂ 35 ಇಟ್ಟುಕೊಂಡರು. ಕೊಡುವ ಮೊದಲು ಎಲ್ಲದರ ಎರಡೂ ಬದಿಯ ಫೋಟೊ ತೆಗೆದಿಟ್ಟುಕೊಳ್ಳಿ.

ಹೊಸ ಕಾರ್ಡ್ ಸ್ಪೀಡ್ ಪೋಸ್ಟ್‌ನಲ್ಲಿ ಆರ್‌ಸಿಯಲ್ಲಿರುವ ವಿಳಾಸಕ್ಕೆ ಬರುತ್ತದೆ. ಮನೆ ಬದಲಿಸಿದ್ದರೆ ಹಳೆಯ ಮನೆಗೆ ಹೋಗಿ ವಾಪಸ್ ಆಗುತ್ತದೆ. ಬಾಡಿಗೆ ಮನೆಯವರಿಗೆ ಈ ಮಾತು ಮುಖ್ಯ. ಹಳೆಯ ಮನೆಯ ಓನರ್‌ಗೆ ಮೊದಲೇ ಒಂದು ಮಾತು ಹೇಳಿಡಿ, ಇಲ್ಲವೇ ವಿಳಾಸ ಬದಲಾವಣೆಯನ್ನೂ ಮಾಡಿಸಿಕೊಳ್ಳಿ.

ಕಾರ್ಡ್ ಬಂದ ಮೇಲೆ ಉಳಿಯುವ ಕೆಲಸ

ಕಾರ್ಡ್‌ಗೆ ಕಾಯುವ ಹೊತ್ತಿಗೇ ಡಿಜಿಲಾಕರ್ ಅಥವಾ mParivahan ನಲ್ಲಿ ಆರ್‌ಸಿಯನ್ನು ಹೊಸದಾಗಿ ತರಿಸಿ ನೋಡಿ. ಅರ್ಜಿ ಒಪ್ಪಿಗೆಯಾಗಿದ್ದರೆ ಫೈನಾನ್ಸ್ ಹೆಸರಿನ ಜಾಗ ಖಾಲಿ ಇರುತ್ತದೆ. ಕಾರ್ಡ್ ಬಂದಾಗ ಅದರಲ್ಲೂ ನೋಡಿ. ಹಳೆಯ ಹೆಸರು ಹಾಗೇ ಅಚ್ಚಾಗಿದ್ದರೆ ಅರ್ಜಿ ನಂಬರ್ ಹಿಡಿದು ಕೂಡಲೇ ಆರ್‌ಟಿಒಗೆ ತಿಳಿಸಿ.

ಜನ ಪೂರ್ತಿ ಮರೆಯುವುದು ಇನ್ಶೂರೆನ್ಸ್‌ನ್ನು. ಪಾಲಿಸಿಯಲ್ಲೂ ಸಾಲ ಕೊಟ್ಟವರ ಹೆಸರು ಇರುತ್ತದೆ. ಗಾಡಿ ಕಳುವಾದರೆ, ಅಥವಾ ರಿಪೇರಿಗೆ ಬಾರದಷ್ಟು ಹಾಳಾದರೆ, ಕ್ಲೇಮ್ ದುಡ್ಡು ಮೊದಲು ಹೋಗುವುದು ಅವರಿಗೆ. ಸಾಲ ತೀರಿಸಿ ವರ್ಷವಾದ ಮೇಲೂ ಆ ಹೆಸರಿದ್ದರೆ, ನಿಮ್ಮ ದುಡ್ಡಿಗೆ ನೀವೇ ಮತ್ತೆ ಎನ್‌ಒಸಿ ತರಲು ಓಡಾಡಬೇಕು. ಎನ್‌ಒಸಿಯ ಪ್ರತಿ ಮತ್ತು ಹೊಸ ಆರ್‌ಸಿ ಲಗತ್ತಿಸಿ ಇನ್ಶೂರೆನ್ಸ್ ಕಂಪನಿಗೆ ಇಮೇಲ್ ಮಾಡಿ, ಹೈಪಾಥಿಕೇಶನ್ ತೆಗೆದು ಎಂಡಾರ್ಸ್‌ಮೆಂಟ್ ಕೊಡಿ ಎಂದು ಕೇಳಿ. ರಿನ್ಯೂ ಮಾಡುವಾಗ ಹಳೆಯ ಪಾಲಿಸಿಯ ವಿವರವೇ ನಕಲಾಗಿ ಬರಬಹುದು, ಆಗಲೂ ಒಮ್ಮೆ ನೋಡಿ.

ಸಾಲಕ್ಕೆ ಕೊಟ್ಟಿದ್ದ ಖಾಲಿ ಚೆಕ್‌ಗಳಿದ್ದರೆ ವಾಪಸ್ ಕೇಳಿ. ಖಾತೆಯಿಂದ ಕಂತು ಕಟ್ ಮಾಡಲು ಕೊಟ್ಟ ನ್ಯಾಚ್ ಅನುಮತಿಯನ್ನು ನಿಮ್ಮ ಬ್ಯಾಂಕಿನಲ್ಲಿ ರದ್ದು ಮಾಡಿಸಿ. ಸ್ಟೇಟ್‌ಮೆಂಟ್ ಸೊನ್ನೆ ಆದ ಮೇಲೆ ಮಾತ್ರ ರದ್ದು ಮಾಡಿ. ಮೊದಲೇ ಮಾಡಿದರೆ ಇನ್ನೊಂದು ಬೌನ್ಸ್ ಬಿದ್ದೀತು.

ಕೊನೆಯದಾಗಿ ಕ್ರೆಡಿಟ್ ರಿಪೋರ್ಟ್. ವರ್ಷಕ್ಕೊಮ್ಮೆ ಪೂರ್ತಿ ರಿಪೋರ್ಟ್ ಉಚಿತವಾಗಿ ಸಿಗುತ್ತದೆ. ಈ ಸಾಲದ ಎದುರು Closed ಎಂದಿರಬೇಕು. Settled ಎಂದಿದ್ದರೆ ಅರ್ಥ ಬೇರೆ: ಪೂರ್ತಿ ಕಟ್ಟದೆ, ರಾಜಿಯಲ್ಲಿ ಕಡಿಮೆ ದುಡ್ಡಿಗೆ ಮುಗಿಸಿದ್ದಾರೆ ಎಂದು. ಮುಂದೆ ಸಾಲ ಕೇಳಿದಾಗ ಅದು ಅಡ್ಡ ಬರುತ್ತದೆ. ನೀವು ಪೂರ್ತಿ ಕಟ್ಟಿದ್ದರೂ ಹಾಗೆ ಬಂದಿದ್ದರೆ ನೋ ಡ್ಯೂಸ್ ಪತ್ರ ತೋರಿಸಿ ತಿದ್ದಿಸಿ.

ತಮ್ಮನ ಕಾರ್ಡ್ ಜೂನ್ ಎರಡನೇ ವಾರ ಬಂತು. ಮಾರ್ಚ್‌ನಲ್ಲೇ ಸ್ಟೇಟ್‌ಮೆಂಟ್ ತೆಗೆಸಿ, ಮೊಬೈಲ್ ನಂಬರ್ ಸರಿ ಮಾಡಿಸಿಕೊಂಡಿದ್ದರೆ ಏಪ್ರಿಲ್ ಮುಗಿಯುವಷ್ಟರಲ್ಲಿ ಅವನ ಕೈಯಲ್ಲಿರುತ್ತಿತ್ತು. ಈಗ ನನ್ನ ಬೈಕ್ ಸಾಲಕ್ಕೆ ಇನ್ನು ನಾಲ್ಕು ಕಂತು ಬಾಕಿ ಇವೆ. ಸ್ಟೇಟ್‌ಮೆಂಟ್ ಕಳೆದ ವಾರವೇ ತರಿಸಿಕೊಂಡಿದ್ದೇನೆ.